ವಾಲಿದ ಅಂಕಿಗಳಿಗೆ ಸರಾಸರಿಯೋ ಮಧ್ಯಾಂಕವೋ: ಕೋಷ್ಟಕದ ಒಂದು ಸಾಲಿನ ವಿಚಾರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಮಾಹಿತಿ ಸಂಗ್ರಹಿಸಿ ಸ್ನಾತಕೋತ್ತರ ಪ್ರಬಂಧ ಬರೆಯುವ ವೈದ್ಯರು ಫಲಿತಾಂಶದ ಅಧ್ಯಾಯದಲ್ಲಿ ಮೊದಲು ಇಡುವುದು ರೋಗಿಗಳ ವಿವರಗಳ ಕೋಷ್ಟಕವನ್ನು. ವಯಸ್ಸು, ಲಿಂಗ, ಕೆಲಸ, ಹಿಮೋಗ್ಲೋಬಿನ್, ಆಸ್ಪತ್ರೆ ತಲುಪಲು ಹಿಡಿದ ಸಮಯ, ದಾಖಲಾಗಿದ್ದ ದಿನಗಳು ಎಂದು ಸಾಲುಗಳು ಬರುತ್ತವೆ, ಅವುಗಳಲ್ಲಿ ಅಂಕಿ ಇರುವ ಎಲ್ಲ ಸಾಲುಗಳ ಎದುರಿಗೂ ಸರಾಸರಿ ಮತ್ತು ಮಾನಕ ವಿಚಲನೆ, ಅಂದರೆ ಎಸ್‌ಡಿ, ಒಂದೇ ಅಚ್ಚಿನಲ್ಲಿ ಕೂತಿರುತ್ತದೆ. ಹಿಮೋಗ್ಲೋಬಿನ್‌ಗೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಆಸ್ಪತ್ರೆ ತಲುಪಲು ಹಿಡಿದ ಸಮಯಕ್ಕೆ ಸರಿಹೋಗುವುದಿಲ್ಲ. ಏಕೆ ಸರಿಹೋಗುವುದಿಲ್ಲ, ಅದರ ಬದಲಿಗೆ ಏನು ಬರೆಯಬೇಕು ಎಂಬುದನ್ನು ಆ ಒಂದೇ ಸಾಲನ್ನು ಹಿಡಿದು ನೋಡೋಣ.

ಕಾಫಿ ತೋಟದಲ್ಲಿ ಕಳೆ ತೆಗೆಯುವಾಗಲೋ ಹಣ್ಣು ಕೊಯ್ಯುವಾಗಲೋ ಹಾವು ಕಚ್ಚಿದ ಹದಿನೈದು ಜನರು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಬಂದರು ಎಂದುಕೊಳ್ಳೋಣ. ಕಚ್ಚಿದ ಹೊತ್ತಿನಿಂದ ಆಸ್ಪತ್ರೆ ತಲುಪುವವರೆಗಿನ ಸಮಯ, ಗಂಟೆಗಳಲ್ಲಿ, ಏರಿಕೆ ಕ್ರಮದಲ್ಲಿ ಹೀಗಿದೆ: 1, 1, 1.5, 2, 2, 2, 2.5, 3, 3, 4, 4, 5, 6, 14, 39. ಇವು ಯಾವ ಆಸ್ಪತ್ರೆಯ ದಾಖಲೆಯೂ ಅಲ್ಲ, ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಲು ಅನುಕೂಲವಾಗಲಿ ಎಂದು ನಾನು ಹೆಣೆದ ಅಂಕಿಗಳು. ಆದರೆ ಇವುಗಳ ಆಕಾರ ಮಲೆನಾಡಿನಲ್ಲಿ ಕೆಲಸ ಮಾಡಿದ ಯಾವ ವೈದ್ಯರಿಗೂ ಅಪರಿಚಿತವಲ್ಲ. ಸಕಲೇಶಪುರದ ಕಡೆಯ ತೋಟದಿಂದಲೋ ಮೂಡಿಗೆರೆಯ ಒಳಗಿನ ಹಳ್ಳಿಯಿಂದಲೋ ಜೀಪು ಹತ್ತಿದವರಿಗೆ ದಾರಿಗೆ ಬೇಕಾದಷ್ಟು ಸಮಯ ಬೇಕೇ ಬೇಕು, ಅದಕ್ಕಿಂತ ಬೇಗ ಯಾರೂ ಬರಲಾರರು. ಆದರೆ ತಡವಾಗುವುದಕ್ಕೆ ಅಂಥ ಮಿತಿ ಇಲ್ಲ. ಮೊದಲು ನಾಟಿ ಔಷಧಿ ಮಾಡಿಸಿ, ರಾತ್ರಿ ಕಳೆದು, ಊತ ಮೊಣಕಾಲಿಗೆ ಏರಿದ ಮೇಲೆ ಮರುದಿನ ಬರುವವರು ಇರುತ್ತಾರೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು ಇರುವ ಇಂಥ ಅಳತೆಗಳೆಲ್ಲ ಬಲಕ್ಕೆ ಉದ್ದ ಬಾಲ ಬೆಳೆಸಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಕಳೆದ ದಿನಗಳು, ಚಿಕಿತ್ಸೆಯ ಖರ್ಚು, ರಕ್ತದಲ್ಲಿನ ಕ್ರಿಯಾಟಿನಿನ್, ಕುಟುಂಬದ ಆದಾಯ ಇವೂ ಇದೇ ಜಾತಿಗೆ ಸೇರಿದವು.

ಈಗ ಲೆಕ್ಕ. ಹದಿನೈದು ಅಂಕಿಗಳ ಮೊತ್ತ 90, ಆದ್ದರಿಂದ ಸರಾಸರಿ 6 ಗಂಟೆ. ಪ್ರತಿಯೊಂದು ಅಂಕಿಯೂ 6ರಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿದರೆ 1310.5 ಬರುತ್ತದೆ. ಅದನ್ನು 14ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಎಸ್‌ಡಿ 9.7 ಗಂಟೆ. ಆ 1310.5ರಲ್ಲಿ 1089 ಬಂದಿರುವುದು 39 ಗಂಟೆ ತಡವಾಗಿ ಬಂದ ಒಬ್ಬರೇ ರೋಗಿಯಿಂದ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಉಳಿದ ಹದಿನಾಲ್ಕು ಜನರೆಲ್ಲ ಸೇರಿ ಕೊಟ್ಟಿರುವುದು ಆರರಲ್ಲಿ ಒಂದು ಪಾಲಷ್ಟೇ. ದೂರವನ್ನು ವರ್ಗ ಮಾಡುವುದರಿಂದ ದೂರದವರ ಮಾತು ಮಿಕ್ಕವರ ಮಾತನ್ನು ಮುಳುಗಿಸಿಬಿಡುತ್ತದೆ, ಹಾಗಾಗಿ ವಾಲಿದ ಅಂಕಿಗಳಲ್ಲಿ ಎಸ್‌ಡಿಗೆ ಆಗುವ ಹಾನಿ ಸರಾಸರಿಗೆ ಆಗುವ ಹಾನಿಗಿಂತ ಹೆಚ್ಚು.

ಕೋಷ್ಟಕದಲ್ಲಿ «6.0 ± 9.7» ಎಂದು ಬರೆದರೆ ಓದುಗ ಏನು ತಿಳಿಯುತ್ತಾನೆ? ಗಂಟೆಯಾಕಾರದ ಹಂಚಿಕೆಯ ಪಾಠ ಕೇಳಿದವರೆಲ್ಲ ಸರಾಸರಿಯ ಆಚೀಚೆ ಒಂದು ಎಸ್‌ಡಿ ಒಳಗೆ ಸುಮಾರು ಮೂರರಲ್ಲಿ ಎರಡು ಪಾಲು ಜನ, ಎರಡು ಎಸ್‌ಡಿ ಒಳಗೆ ಸುಮಾರು 95 ಪ್ರತಿಶತ ಜನ ಇರುತ್ತಾರೆ ಎಂದು ಓದಿಕೊಳ್ಳುತ್ತಾರೆ. ಅದರಂತೆ ಇಲ್ಲಿ ಒಂದು ಎಸ್‌ಡಿ ಹಿಂದಕ್ಕೆ ಹೋದರೆ ಮೈನಸ್ 3.7 ಗಂಟೆ ಸಿಗುತ್ತದೆ, ಅಂದರೆ ಹಾವು ಕಚ್ಚುವುದಕ್ಕೆ ಮೂರೂಮುಕ್ಕಾಲು ಗಂಟೆ ಮೊದಲೇ ರೋಗಿ ಆಸ್ಪತ್ರೆಯಲ್ಲಿ ಇದ್ದ ಎಂದಾಗುತ್ತದೆ. ಮುಂದಕ್ಕೆ ಹೋದರೆ 15.7 ಗಂಟೆ. ಈ ಎರಡರ ನಡುವೆ ಮೂರರಲ್ಲಿ ಎರಡು ಪಾಲು ಅಲ್ಲ, ಹದಿನೈದರಲ್ಲಿ ಹದಿನಾಲ್ಕು ಜನ ಇದ್ದಾರೆ. ಸರಾಸರಿಯ ಸ್ಥಿತಿಯೂ ಇಷ್ಟೇ: ಹನ್ನೆರಡು ಜನ 6 ಗಂಟೆಗಿಂತ ಮೊದಲೇ ಬಂದಿದ್ದಾರೆ, ಒಬ್ಬರು ಸರಿಯಾಗಿ 6ಕ್ಕೆ, ಇಬ್ಬರು ಅನಂತರ. ಸಾಮಾನ್ಯ ರೋಗಿ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬ ಪ್ರಶ್ನೆಗೆ 6 ಗಂಟೆ ಎನ್ನುವುದು ಉತ್ತರವಾಗಲಾರದು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಆ ಜೋಡಿ ಓದುಗನ ಮನಸ್ಸಿನಲ್ಲಿ ಮೂಡಿಸುವ ಚಿತ್ರ ನಮ್ಮ ರೋಗಿಗಳದ್ದಲ್ಲ.

39 ಗಂಟೆಯವರನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ನೋಡಿದರೆ ಸರಾಸರಿ 3.6ಕ್ಕೆ, ಎಸ್‌ಡಿ 3.3ಕ್ಕೆ ಕುಸಿಯುತ್ತದೆ. ಒಬ್ಬ ರೋಗಿ ಅಧ್ಯಯನಕ್ಕೆ ಸೇರಿದರೇ ಇಲ್ಲವೇ ಎಂಬುದರ ಮೇಲೆ ಇಡೀ ಸಾಲು ನಿಂತಿದೆ ಎಂದಾಯಿತು. ಹಾಗೆಂದು ಅವರನ್ನು ನಿಜವಾಗಿಯೂ ತೆಗೆದುಹಾಕುವುದು ಸರಿಯಲ್ಲ. ಅವರು ಅಳತೆಯ ತಪ್ಪಲ್ಲ, ಕಾಯಿಲೆಯ ಕಥೆಯ ಭಾಗ. ತಡವಾಗಿ ಬಂದವರ ಮೂತ್ರಪಿಂಡಕ್ಕೆ ಏನಾಯಿತು ಎಂಬುದೇ ಬಹುಶಃ ಆ ಪ್ರಬಂಧದ ಅತ್ಯಂತ ಮುಖ್ಯ ಪ್ರಶ್ನೆ. ಕೇಸ್ ಶೀಟ್ ತೆಗೆದು ನೋಡಿ, 3.9 ಎಂದು ಬರೆಯಬೇಕಾದದ್ದು 39 ಆಗಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಆ ಅಂಕಿ ಅಲ್ಲಿಯೇ ಇರಬೇಕು. ಬದಲಾಗಬೇಕಾದದ್ದು ಅದನ್ನು ಸಂಕ್ಷೇಪಿಸುವ ವಿಧಾನ.

ಮಧ್ಯಾಂಕವೆಂದರೆ ಸಾಲಿನ ನಟ್ಟನಡುವೆ ನಿಂತವರ ಬೆಲೆ. ಇಲ್ಲಿ ಎಂಟನೆಯವರು, 3 ಗಂಟೆ. ಅರ್ಧದಷ್ಟು ಜನ 3 ಗಂಟೆ ಮುಗಿಯುವುದರೊಳಗೆ ಬಂದಿದ್ದಾರೆ ಎಂದು ಇದನ್ನು ನೇರವಾಗಿ ಓದಬಹುದು, ಹಾಗೆ ಓದಲು ಹಂಚಿಕೆ ಯಾವ ಆಕಾರದಲ್ಲಿದ್ದರೂ ಅಡ್ಡಿಯಿಲ್ಲ. ಕೊನೆಯವರು 39ರ ಬದಲು 75 ಗಂಟೆಗೆ ಬಂದಿದ್ದರೂ ಮಧ್ಯಾಂಕ 3 ಗಂಟೆಯಾಗಿಯೇ ಉಳಿಯುತ್ತಿತ್ತು, ಸರಾಸರಿ ಮಾತ್ರ 8.4ಕ್ಕೆ ಏರುತ್ತಿತ್ತು. ಆದರೆ ಮಧ್ಯಾಂಕ ಒಂದನ್ನೇ ಕೊಟ್ಟರೆ ಹರವು ತಿಳಿಯುವುದಿಲ್ಲ. ಅದರ ಜೊತೆಗೆ ಏನನ್ನು ಕೊಡಬೇಕು ಎಂಬಲ್ಲಿ ಅನೇಕ ಪ್ರಬಂಧಗಳು ಅವಸರಪಡುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಹೆಚ್ಚಿನವರು ಮಧ್ಯಾಂಕದ ಪಕ್ಕದಲ್ಲಿ ವ್ಯಾಪ್ತಿಯನ್ನು, ಅಂದರೆ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು, ಬರೆಯುತ್ತಾರೆ: «3 (1–39)». ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಅತಿ ಬೇಗ ಬಂದವರೂ ಅತಿ ತಡವಾಗಿ ಬಂದವರೂ ಮರೆಯಾಗದೆ ಕಾಣುತ್ತಾರೆ, ಮತ್ತು ಎರಡೂ ನಿಜವಾದ ರೋಗಿಗಳ ಅಂಕಿಗಳು, ಮೈನಸ್ 3.7ರಂತೆ ಕಲ್ಪಿತವಲ್ಲ. ಆದರೆ ಸರಾಸರಿಯ ವಿರುದ್ಧ ನಾವು ಹೊರಿಸಿದ ದೂರು ವ್ಯಾಪ್ತಿಗೆ ಇನ್ನೂ ಬಲವಾಗಿ ಅನ್ವಯಿಸುತ್ತದೆ, ಏಕೆಂದರೆ ಅದು ನಿಂತಿರುವುದು ಇಬ್ಬರೇ ರೋಗಿಗಳ ಮೇಲೆ, ನಡುವಿನ ಹದಿಮೂರು ಜನರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಜೊತೆಗೆ ಇನ್ನೊಂದು ತೊಂದರೆಯಿದೆ. ವ್ಯಾಪ್ತಿ ರೋಗಿಗಳ ಸಂಖ್ಯೆಯೊಂದಿಗೆ ತಾನಾಗಿಯೇ ಹಿಗ್ಗುತ್ತದೆ. ಹೆಚ್ಚು ಜನರನ್ನು ನೋಡಿದಷ್ಟೂ ಅತಿರೇಕದವರೊಬ್ಬರು ಸಿಗುವ ಸಂಭವ ಹೆಚ್ಚು. ಸೌಮ್ಯವಾದ ಗಂಟೆಯಾಕಾರದ ಹಂಚಿಕೆಯಲ್ಲಿ ಕೂಡ 15 ಜನರ ಗುಂಪಿನ ವ್ಯಾಪ್ತಿ ಸರಾಸರಿ ಸುಮಾರು 3.5 ಎಸ್‌ಡಿಯಷ್ಟು ಇದ್ದರೆ, 100 ಜನರ ಗುಂಪಿನಲ್ಲಿ ಅದು ಸುಮಾರು 5 ಎಸ್‌ಡಿಗೆ ಏರುತ್ತದೆ. ಬಾಲ ಉದ್ದವಿರುವ ಹಂಚಿಕೆಯಲ್ಲಿ ಈ ಹಿಗ್ಗುವಿಕೆ ಇನ್ನೂ ಹೆಚ್ಚು. ಹೀಗಿರುವಾಗ ಡಯಾಲಿಸಿಸ್ ಬೇಕಾದ 15 ಜನರನ್ನೂ ಬೇಡವಾದ 100 ಜನರನ್ನೂ ಎರಡು ಕಾಲಮ್ಮುಗಳಲ್ಲಿಟ್ಟು ವ್ಯಾಪ್ತಿಯನ್ನು ಮಾತ್ರ ಕೊಟ್ಟರೆ, ಎರಡನೆಯ ಗುಂಪೇ ಹೆಚ್ಚು ಚದುರಿದೆ ಎಂದು ಓದುಗ ತಪ್ಪು ತಿಳಿಯುತ್ತಾನೆ, ನಿಜದಲ್ಲಿ ಅದು ಬರೀ ದೊಡ್ಡ ಗುಂಪು.

ಈ ಕಾರಣಕ್ಕೆ ಮಧ್ಯಾಂಕದ ಸಹಜ ಜೊತೆಗಾರರು ಚತುರ್ಥಕಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಕಾಲು ಭಾಗ ಮುಗಿಯುವ ಬೆಲೆ ಮತ್ತು ಮೇಲಿನ ಕಾಲು ಭಾಗ ಆರಂಭವಾಗುವ ಬೆಲೆ, ಇವೆರಡರ ನಡುವೆ ಅರ್ಧದಷ್ಟು ರೋಗಿಗಳು ಇರುತ್ತಾರೆ. ನಮ್ಮ ಅಂಕಿಗಳಲ್ಲಿ ಮಧ್ಯಾಂಕದ ಕೆಳಗಿನ ಏಳು ಜನರ ನಡುವಿನವರು 2 ಗಂಟೆ, ಮೇಲಿನ ಏಳು ಜನರ ನಡುವಿನವರು 5 ಗಂಟೆ, ಹಾಗಾಗಿ «3 (2–5)». ಈ ಮೂರು ಅಂಕಿಗಳು ಹಂಚಿಕೆ ವಾಲಿರುವುದನ್ನೂ ಹೇಳುತ್ತವೆ: ಮಧ್ಯಾಂಕದಿಂದ ಕೆಳಗಿನ ಚತುರ್ಥಕಕ್ಕೆ 1 ಗಂಟೆಯ ಅಂತರ, ಮೇಲಿನದಕ್ಕೆ 2 ಗಂಟೆಯ ಅಂತರ. ಎಸ್‌ಡಿ ಎಂದೂ ಇದನ್ನು ಹೇಳಲಾರದು, ಏಕೆಂದರೆ ಅದು ಎರಡೂ ಬದಿಗೆ ಒಂದೇ ಅಳತೆಯನ್ನು ಕೊಡುತ್ತದೆ. ಹಾಗೆಂದು ವ್ಯಾಪ್ತಿಯನ್ನು ಬಿಟ್ಟುಬಿಡಬೇಕಿಲ್ಲ. ತಡವಾಗಿ ಬಂದವರೇ ಚರ್ಚೆಯ ವಿಷಯವಾಗಿರುವ ಪ್ರಬಂಧದಲ್ಲಿ 39 ಎಂಬ ಅಂಕಿ ಕಾಣಿಸಲೇಬೇಕು, ಆಗ «3 (2–5), ವ್ಯಾಪ್ತಿ 1–39» ಎಂದು ಎರಡನ್ನೂ ಬರೆಯುವುದು ಉತ್ತಮ. ರೋಗಿಗಳು ಎಂಟೋ ಹತ್ತೋ ಇದ್ದಾಗ ಚತುರ್ಥಕಗಳಿಗೆ ಗಟ್ಟಿ ಅರ್ಥವಿರುವುದಿಲ್ಲ, ಅಲ್ಲಿ ಮಧ್ಯಾಂಕ ಮತ್ತು ವ್ಯಾಪ್ತಿ ಸಾಕು, ಇಲ್ಲವೇ ಎಲ್ಲ ಬೆಲೆಗಳನ್ನೂ ಪಟ್ಟಿ ಮಾಡಿಬಿಡುವುದೇ ಒಳ್ಳೆಯದು. ಲ್ಯಾಂಗ್ ಮತ್ತು ಆಲ್ಟ್‌ಮನ್ 2013ರಲ್ಲಿ ವೈದ್ಯಕೀಯ ಲೇಖನಗಳಿಗಾಗಿ ಪ್ರಕಟಿಸಿದ SAMPL ಎಂಬ ಮಾರ್ಗಸೂಚಿಯೂ ವಾಲಿದ ಅಂಕಿಗಳಿಗೆ ಮಧ್ಯಾಂಕದೊಂದಿಗೆ ಶತಾಂಶಗಳ ನಡುವಿನ ವ್ಯಾಪ್ತಿಯನ್ನೋ, ಪೂರ್ಣ ವ್ಯಾಪ್ತಿಯನ್ನೋ, ಎರಡನ್ನೂ ಸೇರಿಸಿಯೋ ಕೊಡಲು ಹೇಳುತ್ತದೆ, ಮತ್ತು ವ್ಯಾಪ್ತಿಯನ್ನು 38 ಎಂಬ ಒಂದೇ ಅಂತರವಾಗಿ ಬರೆಯದೆ ಎರಡು ತುದಿಗಳನ್ನೂ ತೋರಿಸಬೇಕೆನ್ನುತ್ತದೆ.

ಚತುರ್ಥಕಗಳ ವಿಷಯದಲ್ಲಿ ಮಾರ್ಗದರ್ಶಕರು ಮತ್ತು ವಿದ್ಯಾರ್ಥಿಗಳ ನಡುವೆ ಗೊಂದಲ ಹುಟ್ಟಿಸುವ ಒಂದು ಸಂಗತಿಯಿದೆ. ಚತುರ್ಥಕ ಲೆಕ್ಕ ಹಾಕಲು ಒಂದಕ್ಕಿಂತ ಹೆಚ್ಚು ಒಪ್ಪಿತ ಸೂತ್ರಗಳಿವೆ, ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಸೂತ್ರಗಳನ್ನು ಬಳಸುತ್ತವೆ. ಇದೇ ಹದಿನೈದು ಅಂಕಿಗಳಿಗೆ R ತನ್ನಷ್ಟಕ್ಕೆ ಕೊಡುವ ಮೇಲಿನ ಚತುರ್ಥಕ 4.5, ನಾವು ಕೈಯಲ್ಲಿ ಪಡೆದದ್ದು 5.

```r
x <- c(1,1,1.5,2,2,2,2.5,3,3,4,4,5,6,14,39)
mean(x); sd(x); median(x); range(x)
quantile(x, c(.25, .75))            # 2.0  4.5
quantile(x, c(.25, .75), type = 6)  # 2    5
```

ಎಕ್ಸೆಲ್‌ನಲ್ಲಿಯೂ `QUARTILE.INC` ಬಳಸಿದರೆ 4.5, `QUARTILE.EXC` ಬಳಸಿದರೆ 5 ಬರುತ್ತದೆ. ಎರಡೂ ತಪ್ಪಲ್ಲ. ರೋಗಿಗಳ ಸಂಖ್ಯೆ ಹೆಚ್ಚಾದಂತೆ ಈ ವ್ಯತ್ಯಾಸ ಸಾಮಾನ್ಯವಾಗಿ ಕರಗಿಹೋಗುತ್ತದೆ. ಆದರೆ ಇಡೀ ಕೋಷ್ಟಕಕ್ಕೆ ಒಂದೇ ತಂತ್ರಾಂಶ, ಒಂದೇ ಸೂತ್ರ ಇರಬೇಕು, ಅರ್ಧ ಸಾಲುಗಳನ್ನು ಎಕ್ಸೆಲ್‌ನಲ್ಲಿ, ಇನ್ನರ್ಧವನ್ನು ಬೇರೆಡೆ ಮಾಡಬಾರದು.

ಹಾಗಾದರೆ ಯಾವ ಸಾಲು ವಾಲಿದೆ ಎಂದು ತಿಳಿಯುವುದು ಹೇಗೆ? ಅಂಕಿಗಳು ಕೈಯಲ್ಲಿದ್ದಾಗ ಹಿಸ್ಟೋಗ್ರಾಂ ಬರೆದು ಕಣ್ಣಿನಿಂದ ನೋಡುವುದಕ್ಕಿಂತ ಉತ್ತಮ ದಾರಿ ಇಲ್ಲ. ಬೇರೆಯವರ ಪ್ರಬಂಧ ಓದುವಾಗ ಸರಾಸರಿ ಮತ್ತು ಎಸ್‌ಡಿ ಮಾತ್ರ ಸಿಗುತ್ತವೆ, ಆಗ ಆಲ್ಟ್‌ಮನ್ ಮತ್ತು ಬ್ಲಾಂಡ್ 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿಕೊಟ್ಟ ಒಂದು ಸರಳ ಪರೀಕ್ಷೆ ನೆರವಾಗುತ್ತದೆ. ಸೊನ್ನೆಗಿಂತ ಕೆಳಗೆ ಹೋಗಲಾರದ ಅಳತೆಯಲ್ಲಿ ಸರಾಸರಿ ಎಸ್‌ಡಿಯ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಹಂಚಿಕೆ ವಾಲಿರುವುದು ಬಹುತೇಕ ಖಚಿತ. ನಮ್ಮಲ್ಲಿ 6.0 ಎಂಬುದು 19.4ರ ಹತ್ತಿರವೂ ಇಲ್ಲ. ಸೊನ್ನೆಯೇ ಗಡಿಯಾಗಬೇಕೆಂದಿಲ್ಲ, ಅಳತೆಗೆ ಸಾಧ್ಯವಿರುವ ಕನಿಷ್ಠ ಬೆಲೆ ಯಾವುದೋ ಅದೇ ಗಡಿ. 18 ವರ್ಷ ತುಂಬಿದವರನ್ನು ಮಾತ್ರ ಸೇರಿಸಿಕೊಂಡ ಅಧ್ಯಯನದಲ್ಲಿ ವಯಸ್ಸಿನ ಸರಾಸರಿ 34, ಎಸ್‌ಡಿ 11 ಎಂದಿದ್ದರೆ, ಎರಡು ಎಸ್‌ಡಿ ಕಳೆದಾಗ 12 ವರ್ಷ ಬರುತ್ತದೆ. ಹನ್ನೆರಡು ವರ್ಷದವರು ಆ ಅಧ್ಯಯನದಲ್ಲಿ ಇರಲು ಸಾಧ್ಯವೇ ಇಲ್ಲ, ಆದ್ದರಿಂದ ವಯಸ್ಸೂ ಎಳೆಯರ ಕಡೆ ಗುಂಪುಗೂಡಿ ಹಿರಿಯರ ಕಡೆಗೆ ಬಾಲ ಚಾಚಿದೆ ಎಂದು ಅರ್ಥ. ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ: ಸಿಕ್ಕಿಬಿದ್ದರೆ ವಾಲಿದೆ ಎನ್ನಬಹುದು, ಸಿಕ್ಕಿಬೀಳದಿದ್ದರೆ ಸಮವಾಗಿದೆ ಎನ್ನುವಂತಿಲ್ಲ.

ಶಾಪಿರೋ–ವಿಲ್ಕ್ ಪರೀಕ್ಷೆಯ ಪಿ ಬೆಲೆ 0.05ಕ್ಕಿಂತ ಕಡಿಮೆಯಾದರೆ ಮಧ್ಯಾಂಕ, ಇಲ್ಲದಿದ್ದರೆ ಸರಾಸರಿ ಎಂಬ ರೂಢಿಯೂ ನಮ್ಮಲ್ಲಿ ಬೇರೂರಿದೆ. ಇದನ್ನು ಯಾಂತ್ರಿಕವಾಗಿ ಅನುಸರಿಸುವುದಕ್ಕೆ ನನ್ನ ಆಕ್ಷೇಪವಿದೆ. ಹತ್ತು ಹನ್ನೆರಡು ಜನರಿರುವಾಗ ಸ್ಪಷ್ಟವಾಗಿ ವಾಲಿದ ಅಳತೆಯನ್ನೂ ಅದು ಹಿಡಿಯದೆ ಬಿಡಬಹುದು. ಸಾವಿರ ಜನರಿರುವಾಗ ಕಣ್ಣಿಗೆ ಸಮವಾಗಿಯೇ ಕಾಣುವ, ಸರಾಸರಿ ಮತ್ತು ಮಧ್ಯಾಂಕ ಹೆಚ್ಚುಕಡಿಮೆ ಒಂದೇ ಆಗಿರುವ ಹಿಮೋಗ್ಲೋಬಿನ್ ಕೂಡ ಅನುತ್ತೀರ್ಣವಾಗಬಹುದು. ಪರೀಕ್ಷೆ ಕೇಳುವುದು ಹಂಚಿಕೆ ಪರಿಪೂರ್ಣ ಗಂಟೆಯಾಕಾರದಿಂದ ಸ್ವಲ್ಪವಾದರೂ ಸರಿದಿದೆಯೇ ಎಂದು, ಕೋಷ್ಟಕ ಬರೆಯುವವರಿಗೆ ಬೇಕಾದದ್ದು ಸರಾಸರಿ ಮತ್ತು ಎಸ್‌ಡಿ ಓದುಗನಿಗೆ ತಪ್ಪು ಚಿತ್ರ ಕೊಡುವಷ್ಟು ಸರಿದಿದೆಯೇ ಎಂದು.

ತೀರ್ಮಾನವನ್ನು ಪ್ರತಿ ಅಳತೆಗೂ ಬೇರೆಯಾಗಿ ತೆಗೆದುಕೊಳ್ಳಬೇಕು, ಆದರೆ ಒಂದು ಅಳತೆಯ ಒಳಗೆ ಎಲ್ಲ ಗುಂಪುಗಳಿಗೂ ಒಂದೇ ಆಗಿರಬೇಕು. ಡಯಾಲಿಸಿಸ್ ಆದವರ ಕಾಲಮ್ಮಿನಲ್ಲಿ ಮಧ್ಯಾಂಕ, ಆಗದವರ ಕಾಲಮ್ಮಿನಲ್ಲಿ ಸರಾಸರಿ ಎಂದಿಟ್ಟರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಒಂದು ಗುಂಪಿನಲ್ಲಿ ವಾಲಿದ್ದರೂ ಎರಡಕ್ಕೂ ಮಧ್ಯಾಂಕ. ಸಾಲಿನ ಹೆಸರಿನಲ್ಲೇ «ಕಚ್ಚಿದ ಮೇಲೆ ಕಳೆದ ಸಮಯ, ಗಂಟೆಗಳಲ್ಲಿ, ಮಧ್ಯಾಂಕ (ಚತುರ್ಥಕಗಳು)» ಎಂದು ಬರೆದುಬಿಟ್ಟರೆ ಹಿಮೋಗ್ಲೋಬಿನ್‌ನ ಸರಾಸರಿಯ ಪಕ್ಕದಲ್ಲಿ ಇದು ಇರುವುದರಿಂದ ಯಾವ ಗೊಂದಲವೂ ಆಗುವುದಿಲ್ಲ. ಸರಾಸರಿ ಕೊಡುವಲ್ಲಿಯೂ ± ಚಿಹ್ನೆಯ ಬದಲು ಎಸ್‌ಡಿಯನ್ನು ಆವರಣದಲ್ಲಿ ಬರೆಯುವುದು ಲೇಸು, ಏಕೆಂದರೆ ಅದೇ ಚಿಹ್ನೆಯನ್ನು ಮಾನಕ ದೋಷಕ್ಕೂ ಬಳಸುವವರಿದ್ದಾರೆ. ನಮ್ಮ ಅಂಕಿಗಳ ಮಾನಕ ದೋಷ, 9.7ನ್ನು 15ರ ವರ್ಗಮೂಲದಿಂದ ಭಾಗಿಸಿದಾಗ, 2.5 ಗಂಟೆ. «6.0 ± 2.5» ಎಂದು ಬರೆದರೆ ಎಲ್ಲರೂ ಮೂರೂವರೆಯಿಂದ ಎಂಟೂವರೆ ಗಂಟೆಯೊಳಗೆ ಬಂದಂತೆ ಕಾಣುತ್ತದೆ. ಅದು ಸರಾಸರಿಯ ಅಂದಾಜು ಎಷ್ಟು ನಂಬಲರ್ಹ ಎಂದು ಹೇಳುವ ಅಂಕಿ, ರೋಗಿಗಳ ಹರವನ್ನು ಹೇಳುವುದಲ್ಲ, ವಿವರಗಳ ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ವಾಲಿದ ಅಳತೆಗೆ ಸರಾಸರಿಯೇ ಬೇಕಾಗುವ ಸಂದರ್ಭವೊಂದಿದೆ. ಒಟ್ಟು ಮೊತ್ತ ತಿಳಿಯಬೇಕಾದಾಗ ಮಧ್ಯಾಂಕ ಕೈಕೊಡುತ್ತದೆ. ಒಬ್ಬ ರೋಗಿಗೆ ಬೇಕಾದ ವಿಷನಿರೋಧಕ ಸೀರಮ್ಮಿನ ವಯಲ್‌ಗಳ ಮಧ್ಯಾಂಕ 10, ಸರಾಸರಿ 13 ಎಂದುಕೊಳ್ಳಿ. ಮಳೆಗಾಲಕ್ಕೆ 150 ರೋಗಿಗಳು ಬರಬಹುದೆಂದು ದಾಸ್ತಾನು ಮಾಡುವ ಔಷಧ ಭಂಡಾರದವರು ಮಧ್ಯಾಂಕವನ್ನು ನಂಬಿ 1500 ವಯಲ್ ತರಿಸಿದರೆ, ನಿಜವಾಗಿ ಬೇಕಾಗುವ 1950ಕ್ಕೆ 450 ಕಡಿಮೆ ಬೀಳುತ್ತದೆ. ಹೆಚ್ಚು ವಯಲ್ ಬೇಕಾದ ಕೆಲವರನ್ನು ಸರಾಸರಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮಧ್ಯಾಂಕ ತೆಗೆದುಕೊಳ್ಳುವುದಿಲ್ಲ. ಚಿಕಿತ್ಸೆಯ ಖರ್ಚು, ಹಾಸಿಗೆ ದಿನಗಳು ಇವಕ್ಕೂ ಇದೇ ಮಾತು. ಇಂಥ ಸಾಲಿನಲ್ಲಿ ಮಧ್ಯಾಂಕ ಮತ್ತು ಚತುರ್ಥಕಗಳ ಜೊತೆಗೆ ಸರಾಸರಿಯನ್ನೂ ಕೊಡಬೇಕು.

ಎರಡೂ ಕೆಲಸಕ್ಕೆ ಬಾರದ ಸಾಲುಗಳೂ ಇರುತ್ತವೆ. ಮಂಡಲದ ಹಾವಿನ ಕಡಿತದಲ್ಲಿ ಮೂತ್ರಪಿಂಡ ಸೋತು ಡಯಾಲಿಸಿಸ್ ಬೇಕಾಗುವುದುಂಟು, ಆದರೆ ಎಲ್ಲರಿಗೂ ಬೇಕಾಗುವುದಿಲ್ಲ. ಹದಿನೈದು ಜನರಲ್ಲಿ ಹನ್ನೆರಡು ಜನರಿಗೆ ಒಂದು ಬಾರಿಯೂ ಬೇಕಾಗದೆ, ಉಳಿದ ಮೂವರಿಗೆ 2, 4 ಮತ್ತು 9 ಬಾರಿ ಆಗಿದ್ದರೆ, ಮಧ್ಯಾಂಕ 0, ಚತುರ್ಥಕಗಳು 0 ಮತ್ತು 0. ಸರಾಸರಿ 1, ಆದರೆ ಒಂದೇ ಬಾರಿ ಡಯಾಲಿಸಿಸ್ ಆದ ರೋಗಿ ಇಲ್ಲಿ ಒಬ್ಬರೂ ಇಲ್ಲ. ಇಂಥಲ್ಲಿ ಸಾಲನ್ನು ಎರಡಾಗಿ ಒಡೆಯಬೇಕು: ಮೊದಲ ಸಾಲಿನಲ್ಲಿ ಡಯಾಲಿಸಿಸ್ ಬೇಕಾದವರು 3 (20%), ಅದರ ಕೆಳಗೆ, ಬೇಕಾದವರಲ್ಲಿ ಎಷ್ಟು ಬಾರಿ ಎಂಬುದಕ್ಕೆ ಮಧ್ಯಾಂಕ 4, ವ್ಯಾಪ್ತಿ 2–9. ಮೂವರೇ ಇರುವುದರಿಂದ ಇಲ್ಲಿ ಚತುರ್ಥಕಗಳ ಪ್ರಶ್ನೆ ಬರುವುದಿಲ್ಲ, ವ್ಯಾಪ್ತಿಯೇ ಸರಿಯಾದ ಆಯ್ಕೆ.